ಕಾಯಿ ಹಾಲು ತಿಂದ ಬೆರಳು

ಅಡುಗೆಯವಳು ಹಾಜರಿ ಯಂತ್ರದ ಮೇಲೆ ಹೆಬ್ಬೆರಳಿಟ್ಟಳು. ಕೆಂಪು ದೀಪ. ತೋರುಬೆರಳಿಟ್ಟಳು. ಮತ್ತೆ ಕೆಂಪು.

"ಮೂರನೇ ದಿನ," ಎಂದ ಕ್ಯಾಂಟೀನಿನ ಮೇಲ್ವಿಚಾರಕ. "ಇವತ್ತೂ ಗೈರುಹಾಜರಿ ಬಿದ್ರೆ ಕೆಲಸ ಹೋಯ್ತು ಅಂತ್ಲೇ ಲೆಕ್ಕ. ಕೈ ತೊಳ್ಕೊಂಡು ಬಾಮ್ಮ."

"ತೊಳೆದೇ ಬಂದಿದೀನಿ ಸಾರ್. ಬೆರಳಲ್ಲಿ ಗೆರೆನೇ ಇಲ್ಲ. ಪರಂಗಿ ಕಾಯಿ ಹಾಲು ತಿಂದುಬಿಟ್ಟಿದೆ. ಗ್ಲೌಸು ಕೇಳಿ ಆರು ತಿಂಗಳಾಯ್ತು."

ಅವನು ಡಬ್ಬಿಯಿಂದ ಕೆಂಪನೆಯ ಪರಂಗಿ ಹಣ್ಣಿನ ಹೋಳೊಂದನ್ನು ಬಾಯಿಗಿಟ್ಟ. "ನಾನು ದಿನಾ ತಿಂತೀನಿ. ನನ್ನ ನಾಲಿಗೆ ಸವೆದಿದ್ಯಾ?"

"ಅದೊಂದು ಸವೆಯಲ್ಲ ಬಿಡಿ," ಎಂದಳು ಅಲ್ಲೇ ಕೆಲಸಕ್ಕಿದ್ದ ಅವಳ ಓರಗಿತ್ತಿ, ಹೆಚ್ಚುತ್ತಿದ್ದ ಈರುಳ್ಳಿಯಿಂದ ತಲೆಯೆತ್ತದೆ.

ಇವಳಿಗೆ ನಗು ಬರಲಿಲ್ಲ. ಸಿಟ್ಟೂ ಬರಲಿಲ್ಲ. ವರ್ಷಗಟ್ಟಲೆ ದಿನಕ್ಕೆ ಎಂಟು ಕಾಯಿ. ಗೀರಿದಲ್ಲೆಲ್ಲ ಬಿಳಿ ಹಾಲು ಜಿನುಗಿ ಮೊಣಕೈವರೆಗೆ ಇಳಿಯುತ್ತಿತ್ತು. ಸಿಪ್ಪೆಯಲ್ಲೇ ಹಾಲು ಹೆಚ್ಚೆಂದು ಸಿಪ್ಪೆ ಸಮೇತ ರುಬ್ಬಿ, ಮುದಿ ಕುರಿಯ ಮಾಂಸ ಮೆತ್ತಗಾಗಲೆಂದು ಅದಕ್ಕೆ ಬರಿಗೈಯಲ್ಲಿ ತಿಕ್ಕುತ್ತಿದ್ದಳು. ಮೊದಲು ಉರಿ, ಆಮೇಲೆ ಸುಲಿತ, ಈಗ ಏನೂ ಇಲ್ಲ.

ಅವನ ಡಬ್ಬಿಯಿಂದ ಒಂದು ಹೋಳು ಎತ್ತಿಕೊಂಡಳು. ತಟ್ಟೆಯಲ್ಲಿ ಎರಡು ತೆಳು ಮಾಂಸದ ತುಂಡಿಟ್ಟು ಒಂದಕ್ಕೆ ಹಣ್ಣು ಕಿವುಚಿ ಸವರಿದಳು, ಇನ್ನೊಂದಕ್ಕೆ ರುಬ್ಬಿದ ಕಾಯಿ. ಮುಚ್ಚಿ ಒಲೆಯ ಪಕ್ಕದ ಬೆಚ್ಚನೆಯ ಕಟ್ಟೆಯ ಮೇಲಿಟ್ಟಳು.

ಒಂದೂವರೆ ಗಂಟೆಯ ನಂತರ ತಟ್ಟೆಯನ್ನು ಅವನ ಮುಂದೆ ಸರಿಸಿದಳು. "ಒತ್ತಿ ನೋಡಿ."

ಹಣ್ಣು ಸವರಿದ ತುಂಡು ಚಪ್ಪಲಿಯ ಹಾಗೆ ಬಿಗಿಯಾಗಿಯೇ ಇತ್ತು. ಇನ್ನೊಂದರಲ್ಲಿ ಬೆರಳು ಇಳಿಯಿತು. ಎಳೆ ಎಳೆಯಾಗಿ ಬಿಟ್ಟುಕೊಂಡಿತು.

"ಹಣ್ಣಾದ ಮೇಲೆ ಹಾಲು ಬತ್ತುತ್ತೆ ಸಾರ್. ನೀವು ತಿನ್ನೋದು ಹಣ್ಣು. ನಮ್ಮನ್ನ ತಿನ್ನೋದು ಕಾಯಿ."

ಅವನು ಲಗುಬಗೆಯಿಂದ ಬೆರಳು ಒರೆಸಿಕೊಂಡ. "ಗ್ಲೌಸಿಗೆ ಬರೀತೀನಮ್ಮ. ಆದ್ರೆ ಯಂತ್ರ ಹೇಳಿದ್ದೇ ಹಾಜರಿ." ಓರಗಿತ್ತಿಯತ್ತ ತಿರುಗಿದ. "ನೀನು ಬಾ, ಕಾಯಿ ರುಬ್ಬಿ ತಿಕ್ಕು."

ಓರಗಿತ್ತಿ ತಟ್ಟೆ ನೋಡಿದಳು. ಚಾಕು ಕೆಳಗಿಟ್ಟು ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡಳು. "ಗ್ಲೌಸು ತನ್ನಿ, ಅಕ್ಕನ ಹಾಜರಿ ಬರೀರಿ. ಇಲ್ಲಾಂದ್ರೆ ನೀವೇ ತಿಕ್ಕಿ. ಹಣ್ಣೇ ತಾನೇ?"

ಉಳಿದ ಏಳು ಕಾಯಿಗಳು ಬುಟ್ಟಿಯಲ್ಲೇ ಇದ್ದವು. ತಿಕ್ಕದ ಮಾಂಸ ಪಾತ್ರೆಯಲ್ಲಿತ್ತು. ಊಟದ ಗಂಟೆಗೆ ಎರಡು ತಾಸು. ಅವನು ಕೈಗಳನ್ನು ನೋಡಿದ: ಮೊದಲು ಅಡುಗೆಯವಳವು, ಆಮೇಲೆ ತನ್ನವು. ಕಾಯಿ ಮುಟ್ಟಲಿಲ್ಲ. ಪಾತ್ರೆ ತೊಳೆಯುವ ಕಡೆಯಿಂದ ರಬ್ಬರ್ ಗ್ಲೌಸು ತರಿಸಿದ. ಬೀರುವಿನಿಂದ ಹಳೆಯ ಹಾಜರಿ ಪುಸ್ತಕ ತೆಗೆದು, ಮೂರು ದಿನದ್ದೂ ಬರೆದ.

"ರುಜು ಹಾಕಮ್ಮ."

ಹಾಕಿದಳು. ಪೆನ್ನು ಬೆರಳಲ್ಲಿ ಇದೆಯೋ ಜಾರಿತೋ ತಿಳಿಯದೆ, ಬರೆಯುವಷ್ಟು ಹೊತ್ತೂ ಅದನ್ನೇ ನೋಡುತ್ತಿದ್ದಳು.