ನೀರು ಕಲಿಸಿದ ತಪ್ಪು

ಗುಂಡ ಸ್ಪ್ಯಾನರ್ ಕೈಬಿಟ್ಟದ್ದನ್ನು ಅಕ್ಕ ಪರದೆಯ ಮೇಲೆ ಕಣ್ಣಾರೆ ಕಂಡಳು.

ಅವಳು ಅವನ ಒಡಹುಟ್ಟಿದ ಅಕ್ಕನೇನಲ್ಲ. ಗಗನಯಾತ್ರಿಗಳಿಗೆ ಆಳವಾದ ಈಜುಕೊಳದಲ್ಲಿ ತರಬೇತಿ ಕೊಡುವವಳು. ಅಲ್ಲಿ ಪಳಗಿದವರೆಲ್ಲ ಅವಳನ್ನು ಹಾಗೆಯೇ ಕರೆಯುವುದು. ಈ ಹೊತ್ತು ನೆಲದ ನಿಯಂತ್ರಣ ಕೊಠಡಿಯಲ್ಲಿ ಕೂತು, ಬಾಹ್ಯಾಕಾಶ ನಿಲ್ದಾಣದ ಹೊರಗೆ ದುಡಿಯುತ್ತಿದ್ದ ಗುಂಡನ ಕಿವಿಗೆ ಮಾತು ಮುಟ್ಟಿಸುವ ಕೆಲಸ ಅವಳದು.

ತಂಪು ಮಾಡುವ ಹೊಸ ಪಂಪಿನ ಕೊನೆಯ ಬೋಲ್ಟು ಬಾಕಿ ಇತ್ತು. ಅದು ಬಿಗಿಯಾಗದಿದ್ದರೆ ಅರ್ಧ ನಿಲ್ದಾಣ ಕಾದುಹೋಗುತ್ತದೆ. ಇನ್ನೊಂದು ಸ್ಪ್ಯಾನರ್ ಒಳಗಿತ್ತು, ನಿಜ. ಅದನ್ನು ತರಿಸುವಷ್ಟು ಗಾಳಿ ಗುಂಡನ ಬೆನ್ನ ಮೇಲಿನ ಸಿಲಿಂಡರಿನಲ್ಲಿ ಉಳಿದಿರಲಿಲ್ಲ.

ಬುದ್ಧಿಗೇಡಿ, ಸ್ಪ್ಯಾನರಿಗೆ ಹಗ್ಗ ಕಟ್ಟದೆ ಬಿಟ್ಟ! ಬಯ್ಯಲು ಬಾಯಿ ತೆರೆದವಳು ತಡೆದುಕೊಂಡಳು. ಕೊಳದಲ್ಲಿ ತಳ್ಳಿದ ವಸ್ತುವನ್ನು ನೀರೇ ತಡೆದು ನಿಲ್ಲಿಸುತ್ತದೆ. ಗುಂಡನ ಕೈಗೆ ಕಟ್ಟದೆ ಬಿಡುವ ರೂಢಿ ಅಂಟಿಕೊಂಡಿತ್ತು, ಅವಳು ಗಮನಿಸಿರಲಿಲ್ಲ.

"ಅಯ್ಯೋ, ಕೆಳಗೆ ಬಿದ್ದುಹೋಗತ್ತೆ!" ಎಂದ ಪಕ್ಕದಲ್ಲಿದ್ದ ಹೊಸ ಹುಡುಗ, ಪತ್ರಿಕೆಯವರಿಗೆ ಸುದ್ದಿ ಕೊಡುವವನು.

"ಬೀಳ್ತಾನೇ ಇದೆ ಮಾರಾಯ," ಅಕ್ಕ ಸಿಡುಕಿದಳು. "ಇಲ್ಲಿರೋ ಗುರುತ್ವದಲ್ಲಿ ಹತ್ತಕ್ಕೆ ಒಂಬತ್ತು ಪಾಲು ಅಲ್ಲೂ ಇದೆ. ಅವನೂ ಬೀಳ್ತಿದಾನೆ, ನಿಲ್ದಾಣಾನೂ ಬೀಳ್ತಿದೆ. ಅಡ್ಡಕ್ಕೆ ಅಷ್ಟು ಜೋರಾಗಿ ಓಡ್ತಿರೋದ್ರಿಂದ, ಬಿದ್ದಷ್ಟೂ ನೆಲ ಬಾಗಿ ದೂರ ಹೋಗತ್ತೆ. ಎಲ್ಲಾ ಒಟ್ಟಿಗೇ ಬಿದ್ರೆ ಯಾರು ಯಾರನ್ನ ಒತ್ತೋದು? ಅದಕ್ಕೇ ತೇಲೋದು."

ಹೇಳುತ್ತಿದ್ದಂತೆಯೇ ಅವಳಿಗೆ ದಾರಿ ಹೊಳೆಯಿತು. ಹಾಗಾದರೆ ಸ್ಪ್ಯಾನರಿಗೂ ಗುಂಡನಿಗೂ ವೇಗದಲ್ಲಿರುವ ವ್ಯತ್ಯಾಸ ಅವನ ಬೆರಳು ಕೊಟ್ಟ ಸಣ್ಣ ನೂಕು ಮಾತ್ರ. ಅದು ನಿಲ್ದಾಣದ ಉದ್ದನೆಯ ತೊಲೆಯ ಪಕ್ಕದಲ್ಲೇ ಆಮೆಗತಿಯಲ್ಲಿ ಸಾಗುತ್ತಿತ್ತು.

ಪರದೆಯಲ್ಲಿ ಗುಂಡ ಕೈಕಾಲು ಬಡಿಯುತ್ತಿದ್ದ.

"ಈಜಬೇಡ ಕಣೋ! ಅಲ್ಲಿ ನೀರಿಲ್ಲ. ಹಿಡಿಕೆ ಹಿಡ್ಕೊಂಡು ತೊಲೆ ಮೇಲೇ ಮುಂದೆ ಹೋಗು. ಅದನ್ನ ದಾಟಿ ಹೋಗು, ಅದೇ ನಿನ್ನ ಹತ್ರ ಬರತ್ತೆ."

ಅವನು ಹಿಡಿಕೆಯಿಂದ ಹಿಡಿಕೆಗೆ ಸರಿದ. ಅಕ್ಕನಿಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಗುಂಡ ತಿರುಗಿ ಅಂಗೈ ಚಾಚಿದ. ಸ್ಪ್ಯಾನರ್ ಮೆಲ್ಲಗೆ ಬಂದು ಕೈಗೆ ಸಿಕ್ಕಿತು.

ಚಪ್ಪಾಳೆಯೋ ಚಪ್ಪಾಳೆ. ಬೋಲ್ಟು ಬಿಗಿಯಾಯಿತು. ಅಕ್ಕ ಮಾತ್ರ ಪರದೆಯಿಂದ ಕಣ್ಣು ತೆಗೆಯದೆ ಮತ್ತೆ ಮತ್ತೆ ಕೇಳಿದಳು.

"ಕಟ್ಟಿದ್ಯಾ?"

"ಕಟ್ಟಿದೀನಿ ಅಕ್ಕ. ಎಷ್ಟು ಸಲ ಕೇಳ್ತೀಯ?"

"ಸ್ಪ್ಯಾನರ್ ಅಲ್ಲ ಕಣೋ. ನಿನ್ನನ್ನ."

ಅವಸರದಲ್ಲಿ ತೊಲೆಯ ಮೇಲೆ ಸರಿಯುವಾಗ ಅವನು ತನ್ನ ಸೊಂಟದ ಹಗ್ಗದ ಕೊಕ್ಕೆ ಬಿಚ್ಚಿದ್ದ. ಮತ್ತೆ ಹಾಕಿರಲಿಲ್ಲ. ಪರದೆಯಲ್ಲಿ ಹಗ್ಗದ ತುದಿ ಅವನ ಪಕ್ಕದಲ್ಲೇ ತೇಲುತ್ತಿತ್ತು.

ಗುಂಡ ಕೊಕ್ಕೆಯನ್ನು ತೊಲೆಯ ಕಂಬಿಗೆ ಸಿಕ್ಕಿಸಿದ.

"ಎಳೆದು ತೋರ್ಸು," ಎಂದಳು ಅಕ್ಕ.