ಹೆಸರಷ್ಟೇ ಬದಲಾಗಿದೆ

ಯೀಸ್ಟ್ ಹೊತ್ತ ಲಾರಿ ಬೆಳಿಗ್ಗೆಯಿಂದ ಕಾರ್ಖಾನೆಯ ಗೇಟಿನ ಹೊರಗೇ ಗೊರ್ ಎನ್ನುತ್ತ ನಿಂತಿತ್ತು. ಒಳಗೆ ಬಿಟ್ಟುಕೊಳ್ಳುವವರಿಲ್ಲ, ವಾಪಸ್ಸು ಕರೆಸಿಕೊಳ್ಳುವವರೂ ಇಲ್ಲ. ಎಂಜಿನ್ ನಿಲ್ಲಿಸಿದರೆ ತಂಪು ನಿಲ್ಲುತ್ತದೆ, ತಂಪು ನಿಂತರೆ ಯೀಸ್ಟ್ ಸಾಯುತ್ತದೆ. ಹಾಗಾಗಿ ಡ್ರೈವರ್ ಡೀಸೆಲ್ ಮುಳ್ಳನ್ನು ನೋಡುತ್ತ, ಸಿಕ್ಕವರಿಗೆಲ್ಲ ಬೈಯುತ್ತ ಕೂತಿದ್ದ.

"ಬಿಲ್ಲಲ್ಲಿ ಹೆಸರು ಹೊಸದು, ಟ್ಯಾಕ್ಸ್ ನಂಬರ್ ಹಳೇದು," ಎಂದ ಗೇಟಿನ ಕಾವಲುಗಾರ. "ಕಂಪ್ಯೂಟರ್ ಒಪ್ತಿಲ್ಲ. ನಾನೇನ್ ಮಾಡ್ಲಿ, ಅದರ ಕಾಲಿಗೆ ಬೀಳ್ಲಾ?"

"ಬೀಳಿ. ನಾನೂ ಬರ್ತೀನಿ ಜೊತೆಗೆ," ಎಂದು ಸಿಡುಕ ಬಿಲ್ಲನ್ನು ಕಿತ್ತುಕೊಂಡ.

ಸಿಡುಕ ಎಂಬುದು ಬ್ರೆಡ್ ಕಾರ್ಖಾನೆಯವರು ಅವನಿಗಿಟ್ಟ ಹೆಸರು. ಓದು ಅರ್ಧಕ್ಕೇ ಬಿಟ್ಟವನನ್ನು ಇಲ್ಲಿನ ಖರೀದಿ ವಿಭಾಗಕ್ಕೆ ತಂದು ಕೂರಿಸಿದವನು ಸೋದರಮಾವ. ಆ ವಿಭಾಗದಲ್ಲಿ ಇದ್ದದ್ದೇ ಇಬ್ಬರು, ಮಾವ ಮತ್ತು ಅಳಿಯ. ಮಹಡಿ ಮೇಲಿನ ಅವರ ಕೋಣೆ ಎಷ್ಟು ಇಕ್ಕಟ್ಟೆಂದರೆ ಒಳಗಿನ ಮೇಜಿನ ಅಳಿಯ ಎದ್ದು ಹೊರಗೆ ಹೋಗಬೇಕಾದರೆ ಬಾಗಿಲ ಬಳಿಯ ಮಾವ ಕುರ್ಚಿ ಸರಿಸಿ ಹೊಟ್ಟೆ ಒಳಗೆಳೆದುಕೊಳ್ಳಬೇಕು. ಹಿಟ್ಟಿನ ಧೂಳು ಬರುತ್ತದೆಂದು ಕಿಟಕಿಗೆ ಮೊಳೆ ಹೊಡೆದಿದ್ದರು.

ಈಗ ಕಾರ್ಖಾನೆಯನ್ನು ದೊಡ್ಡ ಕಂಪನಿಯೊಂದು ತನ್ನೊಳಗೆ ವಿಲೀನ ಮಾಡಿಕೊಂಡಿತ್ತು. ಅವರಿಗೆ ಅವರದೇ ಖರೀದಿಯವರಿದ್ದರು. ಇಲ್ಲಿ ಒಂದು ಕುರ್ಚಿ ಸಾಕು, ಅದು ಯಾರದ್ದೆಂದು ಈ ವಾರ ಹೇಳುತ್ತೇವೆ ಎಂದಿತ್ತು ಹೆಡ್ ಆಫೀಸು. ಅವತ್ತಿನಿಂದ ಮಾವ ಅಳಿಯ ಇಬ್ಬರೂ ಒಬ್ಬರಿಗೊಬ್ಬರು ವಿಪರೀತ ಮರ್ಯಾದೆ ಕೊಡತೊಡಗಿದ್ದರು.

ಸಿಡುಕ ಕೋಣೆಗೆ ಬಂದವನೇ ಯೀಸ್ಟ್ ಕಂಪನಿಗೆ ಫೋನ್ ಹಚ್ಚಿದ. ಅಲ್ಲಿ ಲೆಕ್ಕ ನೋಡುವ ಅಕ್ಕ ಎತ್ತಿಕೊಂಡಳು. ಮುಖ ನೋಡಿಲ್ಲದಿದ್ದರೂ ವರ್ಷಗಳಿಂದ ಜಗಳವಾಡಿ ಪರಿಚಯ.

"ಏನಕ್ಕಾ ಇದು? ಹೊಸ ಹೆಸರಿಗೆ ಹಳೇ ನಂಬರ್ ಹಾಕಿ ಕಳ್ಸಿದೀರಲ್ಲ! ಹಳೇ ನೋಂದಣಿ ರದ್ದಾಗಿದೆ. ಈ ಬಿಲ್ಲು ಯಾರ ಹೆಸರಿಗೂ ಸೇರಲ್ಲ."

"ನಿಮ್ಮ ಪತ್ರ ನಿಮಗೇ ಓದಿ ಹೇಳ್ಲಾ?" ಅಕ್ಕ ಗಂಟಲು ಸರಿಮಾಡಿಕೊಂಡಳು. "'ನಮ್ಮ ಕಂಪನಿಯ ಹೆಸರಷ್ಟೇ ಬದಲಾಗಿದೆ. ಉಳಿದದ್ದೆಲ್ಲ ಮೊದಲಿನಂತೆಯೇ ಇರುತ್ತದೆ.' ಕೆಳಗೆ ನಿಮ್ಮ ಸಹಿ. ಹೆಸರಷ್ಟೇ ಅಂದ್ರಿ, ಹೆಸರಷ್ಟೇ ಬದಲಾಯಿಸಿದೆ. ನಂಬರ್ ಮುಟ್ಟೋಕೆ ನನಗೇನು ಕನಸು ಬಿದ್ದಿತ್ತಾ?"

ಸಿಡುಕ ಫೋನ್ ಕಿವಿಗಿಟ್ಟುಕೊಂಡೇ ತಲೆಯೆತ್ತಿದ. ಬಾಗಿಲ ಬಳಿ ಮಾವ ಏನನ್ನೋ ಭಾರೀ ಗಮನವಿಟ್ಟು ಓದತೊಡಗಿದ.

"ನೋಡಪ್ಪಾ," ಅಕ್ಕನ ದನಿ ಸ್ವಲ್ಪ ಮೆತ್ತಗಾಯಿತು. "ಹುಡುಗಿ ಮದುವೆಯಾಗಿ ಹೆಸರು ಬದಲಾಯಿಸ್ಕೊಂಡ್ರೆ ಅದೇ ಹುಡುಗಿ. ನಿಮ್ಮ ಹಳೇ ಕಂಪನಿ ಹಾಗಲ್ಲ, ಅದು ತೀರಿಕೊಂಡಿದೆ. ಈಗಿರೋದು ಬೇರೆ ಕಂಪನಿ, ನನ್ನ ಲೆಕ್ಕಕ್ಕೆ ಹೊಸ ಗಿರಾಕಿ. ವಿಲೀನದ ಆದೇಶ, ಹೊಸ ನೋಂದಣಿ ಪತ್ರ, ಬಿಲ್ಲಿನ ಹೊಸ ವಿಳಾಸ, ಹೊಸ ಕಂಪನಿ ಹೆಸರಲ್ಲಿ ಹೊಸ ಆರ್ಡರ್, ಎಲ್ಲಾ ಬೇಕು. ಮೊದಲಿನ ಪತ್ರ ತಪ್ಪು ಅಂತ ಇನ್ನೊಂದು ಪತ್ರನೂ ಬೇಕು. ಸಹಿ ನಿಮ್ದಲ್ಲ, ಹೊಸ ಕಂಪನಿಯ ಸಹಿ ಅಧಿಕಾರ ಇರೋರದ್ದು. ಅದು ಬಂದ್ರೆ ಇವತ್ತೇ ಖಾತೆ ತೆರೆದು, ಈ ಬಿಲ್ಲು ರದ್ದು ಮಾಡಿ ಬೇರೆ ಬಿಲ್ಲು ಹಾಕ್ತೀನಿ. ಲಾರಿ ಅಲ್ಲೇ ಇರ್ಲಿ."

ಸಿಡುಕ ಫೋನ್ ಇಟ್ಟ. ಬೆನ್ನು ತಿರುಗಿಸಿ ಕೂತ ಮಾವನ ಕುತ್ತಿಗೆ ಕೆಂಪಗಾಗಿತ್ತು.

ಆ ಪತ್ರ ಹುಟ್ಟಿದ್ದು ಇದೇ ಕೋಣೆಯಲ್ಲಿ. ಸರಬರಾಜುದಾರರಿಗೆ ಹೀಗೇ ಬರೆಯಬೇಕೆಂದು ಹೆಡ್ ಆಫೀಸು ಒಂದು ಉದ್ದನೆಯ ನಮೂನೆ ಕಳಿಸಿತ್ತು. ಮಾವ ಅದನ್ನು ಪಕ್ಕಕ್ಕೆ ತಳ್ಳಿದ್ದ. "ಇದನ್ನೆಲ್ಲ ಓದಿದ್ರೆ ಅವರು ಹೆದರ್ತಾರೆ ಕಣೋ. ಹೊಸ ಗಿರಾಕಿ ಅಂತ ಮೊದಲಿಂದ ವಿಚಾರಣೆ ಶುರು ಮಾಡ್ತಾರೆ, ಸರಕು ನಿಲ್ಲುತ್ತೆ. ಹೆಸರಷ್ಟೇ ಬದಲಾಗಿದೆ ಅಂತ ಬರಿ. ಎರಡು ಸಾಲು, ಮುಗೀತು." ಬರೆದ ಮೇಲೆ, ಕನ್ನಡಕ ಮನೆಯಲ್ಲಿ ಮರೆತಿದ್ದೇನೆ, ನೀನೇ ಸಹಿ ಹಾಕಿ ಕಳಿಸು ಎಂದಿದ್ದ. ಕನ್ನಡಕ ಅವನ ಹಣೆಯ ಮೇಲೆಯೇ ಇತ್ತು. ಅವತ್ತು ಸಿಡುಕನಿಗೆ ನಗು ಬಂದಿತ್ತು.

"ಮಾವಾ."

"ಹೆಡ್ ಆಫೀಸಿಗೆ ಕಳ್ಸು. ಅವ್ರು ಸಹಿ ಹಾಕ್ತಾರೆ," ಎಂದ ಮಾವ, ತಿರುಗದೆ.

ಸಿಡುಕ ಕಂಪ್ಯೂಟರಿನಲ್ಲಿ ಹೆಡ್ ಆಫೀಸಿನ ಪುಟ ತೆರೆದ. ನಮೂನೆಯ ಪತ್ರ ತುಂಬಿಸಿದ, ಕಾಗದಗಳನ್ನೆಲ್ಲ ಸೇರಿಸಿದ, ಹಳೇ ಆರ್ಡರ್ ಮುಚ್ಚಿ ಹೊಸದು ಹಾಕಿದ. ಸರಕು ಇಳಿಸುವ ಜಾಗ ಮಾತ್ರ ಅದೇ, ಅದೇ ಗೇಟು. ಕೊನೆಯಲ್ಲಿ ಒಂದು ಖಾಲಿ ಚೌಕ ಉಳಿಯಿತು: ಮೊದಲ ಪತ್ರ ತಪ್ಪಾಗಲು ಕಾರಣ ಮತ್ತು ಹೊಣೆ. ಖಾಲಿ ಬಿಟ್ಟು ಒತ್ತಿದರೆ ಚೌಕ ಕೆಂಪಾಗುತ್ತಿತ್ತು.

"ಇಲ್ಲಿ ಏನ್ ಬರೀಲಿ?"

ಮಾವ ಕುರ್ಚಿ ಸಮೇತ ತಿರುಗಿದ. ಅವನ ಮೊಣಕಾಲು ಅಳಿಯನ ಮೊಣಕಾಲಿಗೆ ತಾಗಿತು. "ಟೈಪ್ ಮಾಡುವಾಗ ಆದ ತಪ್ಪು ಅಂತ ಹಾಕು. ನಿನ್ನ ಹೆಸರು ಹಾಕು. ಚಿಕ್ಕ ವಯಸ್ಸು, ನಿನಗೆ ಎಲ್ಲಾದ್ರೂ ಕೆಲಸ ಸಿಗುತ್ತೆ. ನನ್ನನ್ನ ಈ ವಯಸ್ಸಲ್ಲಿ ಯಾರೋ ಕರೀತಾರೆ?"

"ಓದು ಬಿಟ್ಟವನನ್ನ ಯಾರು ಕರೀತಾರೆ? ನೀವೇ ಅಂತಿದ್ರಲ್ಲ, ನಾನಿಲ್ದಿದ್ರೆ ನಿನ್ನನ್ನ ಮೂಸಿ ನೋಡೋರಿಲ್ಲ ಅಂತ!"

"ದನಿ ಎತ್ತಬೇಡ. ಕೆಳಗೆ ಕೇಳ್ಸುತ್ತೆ."

"ಕೇಳ್ಲಿ! ಕನ್ನಡಕ ಹಣೆ ಮೇಲಿತ್ತು ಮಾವಾ!"

ಮಾವ ಕೈ ಹಣೆಗೆ ಒಯ್ದ. ಈಗಲೂ ಅಲ್ಲೇ ಇತ್ತು. ಇಳಿಸಲಿಲ್ಲ, ಹಾಗೇ ಹಿಡಿದುಕೊಂಡ.

ಅಷ್ಟರಲ್ಲಿ ಸಿಡುಕನ ಫೋನ್ ಗುಂಯ್‌ಗುಟ್ಟಿತು. ಅಮ್ಮ. "ಊಟ ಆಯ್ತಾ? ಮಾವ ಊಟ ಮಾಡಿದ್ನಾ? ಅವನ ಮಾತು ಕೇಳು ಮಗಾ, ನಮ್ಮ ಮನೇಲಿ ಒಲೆ ಉರೀತಿರೋದೇ ಅವನಿಂದ." ಫೋನಿನ ದನಿ ಆ ಕೋಣೆಯ ತುಂಬ ಕೇಳುತ್ತಿತ್ತು. ಮಾವ ನೆಲ ನೋಡಿದ. ಹೂಂ ಎಂದು ಸಿಡುಕ ಫೋನ್ ಕೆಳಗಿಟ್ಟ.

ಸಿಟ್ಟು ಎದೆಯಿಂದ ಬೆರಳಿಗೆ ಇಳಿದಿತ್ತು. ನನ್ನ ತಪ್ಪು ಎಂದರೆ ಕುರ್ಚಿ ಹೋಗುತ್ತದೆ. ಮಾವನ ತಪ್ಪು ಎಂದರೆ ಕುರ್ಚಿ ಉಳಿಯುತ್ತದೆ, ಮನೆ ಹೋಗುತ್ತದೆ. ಎದ್ದು ಹೋಗಿಬಿಡೋಣವೆಂದರೆ ಮಾವ ಹೊಟ್ಟೆ ಒಳಗೆಳೆದುಕೊಳ್ಳಬೇಕು. ಹೊರಗೆ ಡ್ರೈವರ್ ಹಾರ್ನ್ ಒತ್ತಿ ಹಿಡಿದಿದ್ದ.

ಸಿಡುಕ ಬರೆದ: 'ವಿಲೀನವನ್ನು ಹೆಸರು ಬದಲಾವಣೆ ಎಂದು ಬರೆದದ್ದು ಟೈಪಿಂಗ್ ತಪ್ಪಲ್ಲ. ಬೇಕೆಂದೇ ಹಾಗೆ ಬರೆಯಲಾಯಿತು. ಹೊಣೆ: ಖರೀದಿ ವಿಭಾಗ.'

ಮಾವ ಕನ್ನಡಕ ಇಳಿಸಿ ಓದಿದ. "ಖರೀದಿ ವಿಭಾಗ ಅಂದ್ರೆ ನಾನೂ ಬಂದೆನಲ್ಲೋ ಅದ್ರಲ್ಲಿ."

"ಬನ್ನಿ ಮಾವಾ. ಜೊತೆಗೇ ಬರೆದವರಲ್ವಾ ನಾವು?"

ಮಾವನ ಕೈ ಮೌಸಿನತ್ತ ಚಾಚಿತು. ಸಿಡುಕ ಅಷ್ಟರಲ್ಲಿ ಒತ್ತಿಬಿಟ್ಟಿದ್ದ. ಈ ಸಲ ಚೌಕ ಕೆಂಪಾಗಲಿಲ್ಲ.

ಮಧ್ಯಾಹ್ನ ಕಳೆದ ಮೇಲೆ ಹೆಡ್ ಆಫೀಸಿನ ಸಹಿ ಬಿದ್ದ ಪತ್ರ ಹೋಯಿತು, ಅಕ್ಕ ಮಾತಿನಂತೆ ಹೊಸ ಬಿಲ್ಲು ಕಳಿಸಿದಳು, ಗೇಟಿನ ಕಂಪ್ಯೂಟರ್ ತಕರಾರಿಲ್ಲದೆ ಒಪ್ಪಿತು. ಲಾರಿ ಒಳಗೆ ಬಂದು ಎಂಜಿನ್ ನಿಲ್ಲಿಸಿದಾಗ ಇಡೀ ಕಾರ್ಖಾನೆಯ ಕಿವಿಯಲ್ಲಿದ್ದ ಹತ್ತಿ ತೆಗೆದಂತಾಯಿತು.

ಆ ನಿಶ್ಶಬ್ದದಲ್ಲಿ ಮಾವನ ಮೇಜಿನ ಫೋನು ಹೊಡೆದುಕೊಂಡಿತು. ಹೆಡ್ ಆಫೀಸಿನ ನಂಬರು.

"ಎತ್ತಿ," ಎಂದ ಸಿಡುಕ.

"ನೀನೇ ಎತ್ತು," ಎಂದ ಮಾವ.

ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಅಳಿಯ ಎದ್ದು ನಿಂತ. ಮಾವ ಕುರ್ಚಿ ಸರಿಸಲಿಲ್ಲ.