ಕಂದಸಾಮಿಯ ದೂರು, ಶಿವಬಾಲನ್ ದೂರು

ಆಡಿ ತಿಂಗಳ, ಅಂದರೆ ಆಷಾಢದ, ಗಾಳಿ ಬೆಟ್ಟದ ಕಡೆಯಿಂದ ಬೀಸುತ್ತಲೇ ಇತ್ತು. ತಮಿಳುನಾಡಿನ ಕಂಬಂ ಹತ್ತಿರದ ಠಾಣೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ಅಮುದಾ ಎರಡು ದೂರುಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡಿದ್ದಳು. ಎರಡೂ ಒಂದೇ ಸಂಜೆಯ ಜಗಳದವು. ಓದಿದರೆ ಬೇರೆ ಬೇರೆ ಊರಿನ ಸುದ್ದಿಯ ಹಾಗಿತ್ತು.

ದ್ರಾಕ್ಷಿ ಬೆಳೆಗಾರ ಕಂದಸಾಮಿ ತನ್ನ ದೂರಿನಲ್ಲಿ, ತಾನು ಚಪ್ಪರದ ಕೆಳಗೆ ಬಳ್ಳಿ ಕಟ್ಟುತ್ತಿದ್ದಾಗ ಪಕ್ಕದ ಹೊಲದ ಶಿವಬಾಲನ್ ಎದುರಿಗೆ ಬಂದು ಕುಡುಗೋಲು ಬೀಸಿದ ಎಂದಿದ್ದ. ಶಿವಬಾಲನ್ ಹೇಳಿದ್ದೇ ಬೇರೆ. ಕಂದಸಾಮಿ ತನ್ನ ಜೋಳದ ಹೊಲಕ್ಕೇ ನುಗ್ಗಿ, ಮೋಟಾರ್ ಮನೆಯ ಮುಂದೆ ದೊಣ್ಣೆಯಿಂದ ತಲೆಗೆ ಹೊಡೆದ; ಆಮೇಲೆ ಸುಳ್ಳು ಕೇಸಿಗೋಸ್ಕರ ತನ್ನ ಮೈಯನ್ನು ತಾನೇ ಕುಯ್ದುಕೊಂಡ ಎಂದು. ಇಬ್ಬರೂ ಸರ್ಕಾರಿ ಆಸ್ಪತ್ರೆಯಲ್ಲಿದ್ದರು. ಎರಡು ಕೇಸೂ ದಾಖಲಾದವು. ಒಂದೇ ಘಟನೆಯಾದ್ದರಿಂದ ಎರಡರ ತನಿಖೆಯೂ ಒಬ್ಬರ ಕೈಯಲ್ಲೇ ಇರಬೇಕು. ಅದು ಅಮುದಾಳ ಪಾಲಿಗೆ ಬಂತು.

ಅವಳಿಗೆ ಅದು ಬೇಡವಾಗಿತ್ತು. ಎರಡೂ ಮನೆಯವರು ಅವಳ ಮನೆಯಂತೆಯೇ ಕನ್ನಡ ಮಾತಾಡುವವರು. ನೆಂಟಸ್ತಿಕೆ ಇಲ್ಲ, ಆದರೆ ಮದುವೆ ಮನೆಗಳಲ್ಲಿ ಮುಖ ನೋಡಿದವರು. ಅವಳು ಅದನ್ನು ಇನ್‌ಸ್ಪೆಕ್ಟರ್ ಜೆಯರಾಜ್‌ಗೆ ಮೊದಲೇ ಹೇಳಿದಳು. ರಕ್ತ ಸಂಬಂಧ ಇಲ್ಲದಿದ್ದರೆ ಮುಂದುವರಿಸು ಎಂದರು. ಜೊತೆಗೆ, ಗೊತ್ತಾಗದಿದ್ದರೆ ಇಬ್ಬರ ಮೇಲೂ ಆರೋಪಪಟ್ಟಿ ಹಾಕಿಬಿಡು, ಕೋರ್ಟು ನೋಡಿಕೊಳ್ಳಲಿ ಎಂದೂ ಸೇರಿಸಿದರು. ಆ ಮಾತು ಅವಳಿಗೆ ಸೇರಲಿಲ್ಲ. ಮೊದಲು ಕೈ ಎತ್ತಿದವರು ಯಾರು ಎಂದು ಹುಡುಕಬೇಕಾದದ್ದೇ ತನಿಖೆಯ ಕೆಲಸ. ಇಬ್ಬರನ್ನೂ ಒಂದೇ ಹಗ್ಗದಲ್ಲಿ ಕಟ್ಟಿದರೆ ಏಟು ತಿಂದವನೂ ಕಟಕಟೆಯಲ್ಲಿ ನಿಲ್ಲುತ್ತಾನೆ.

ಆಸ್ಪತ್ರೆಯಲ್ಲಿ ಕಂದಸಾಮಿ ಅವಳನ್ನು ಕಂಡ ಕೂಡಲೇ ತಮಿಳು ಬಿಟ್ಟು ಕನ್ನಡಕ್ಕೆ ತಿರುಗಿದ.

"ತಾಯೀ, ನೀ ನಮ್ಮೋಳು. ಅವನ್ನ ಬಿಡಬ್ಯಾಡ. ಕೊಲೆ ಮುಯರ್ಚಿ ಅಂತ ಬರಿ."

ಅವಳು ಬೇಕೆಂದೇ ತಮಿಳಿನಲ್ಲಿ ಉತ್ತರಿಸಿದಳು. ಕೊಲೆ ಯತ್ನವೋ ಅಲ್ಲವೋ ಗಾಯ ಮತ್ತು ಸಾಕ್ಷಿ ಹೇಳಬೇಕು ಎಂದಳು. ಪಕ್ಕದ ವಾರ್ಡಿನಲ್ಲಿ ತಲೆಗೆ ಪಟ್ಟಿ ಕಟ್ಟಿಕೊಂಡಿದ್ದ ಶಿವಬಾಲನ್ ಕೂಡ ಅವಳನ್ನು ಅಕ್ಕಾ ಎಂದು ಕರೆದ. ಮಧ್ಯಾಹ್ನದ ಹೊತ್ತಿಗೆ ಎರಡೂ ಕಡೆಯ ಪರಿಚಯಸ್ಥರು ಫೋನು ಮಾಡಲು ತೊಡಗಿದ್ದರು. ಅವಳು ಫೋನನ್ನು ಮಗುಚಿ ಇಟ್ಟಳು; ಅದು ಮೇಜಿನ ಮೇಲೆ ಗುಂಯ್‌ಗುಟ್ಟುತ್ತಲೇ ಇತ್ತು.

ವೈದ್ಯೆಯ ಗಾಯದ ವರದಿ ಸರಳವಾಗಿತ್ತು. ಶಿವಬಾಲನ್‌ಗೆ ನೆತ್ತಿಯ ಮುಂಭಾಗ ಒಡೆದಿತ್ತು, ಮೊಂಡು ವಸ್ತುವಿನ ಏಟು. ಕಂದಸಾಮಿಗೆ ಬಲ ಭುಜದ ಹಿಂದೆ, ಮೇಲಿನಿಂದ ಕೆಳಕ್ಕೆ ಹರಿದ ಸೀಳು. ಎರಡೂ ಪ್ರಾಣಕ್ಕೆ ಅಪಾಯವಿಲ್ಲದ ಗಾಯಗಳು. ಎದುರಿಗೆ ನಿಂತವನ ಕುಡುಗೋಲಿಂದ ಇಂಥ ಸೀಳು ಬರಬಹುದೇ ಎಂದು ಅಮುದಾ ಕೇಳಿದಳು. ಕಷ್ಟ ಎಂದರು ವೈದ್ಯೆ. ತಾನೇ ಕುಯ್ದುಕೊಂಡರೆ? ಆ ಜಾಗಕ್ಕೆ ಅವನ ಕೈ ಹಾಗೆ ತಿರುಗುವುದಿಲ್ಲ ಎಂದರು.

ಹಾಗಾದರೆ ಆ ಸೀಳಿನ ವಿಷಯದಲ್ಲಿ ಇಬ್ಬರೂ ನಿಜ ಹೇಳಿರಲಿಲ್ಲ. ಅಥವಾ ಇಬ್ಬರಿಗೂ ಗೊತ್ತಿರಲಿಲ್ಲ. ಎರಡನೆಯದು ಹೊಳೆದ ಮೇಲೆ ಅಮುದಾಳಿಗೆ ಕೂತಲ್ಲಿ ಕೂರಲಾಗಲಿಲ್ಲ.

ಗ್ರಾಮಾಡಳಿತ ಅಧಿಕಾರಿಯನ್ನೂ ಅವರ ಸಹಾಯಕನನ್ನೂ ಸಾಕ್ಷಿಗೆ ಕರೆದುಕೊಂಡು ಅವಳು ಜಾಗ ನೋಡಲು ಹೋದಳು. ಕಂದಸಾಮಿಯ ಚಪ್ಪರದ ಕೆಳಗೆ ನೆಲ ನಯವಾಗಿತ್ತು. ರಕ್ತದ ಗುರುತಿಲ್ಲ, ಕೆದರಿದ ಮಣ್ಣಿಲ್ಲ. ಬದು ದಾಟಿ ಶಿವಬಾಲನ್ ಮೋಟಾರ್ ಮನೆಯ ಮುಂದೆ ಬಂದರೆ ಮಣ್ಣು ಕಪ್ಪಾಗಿ ಗಟ್ಟಿಯಾಗಿತ್ತು. ಅಲ್ಲೇ ಮುರಿದ ದೊಣ್ಣೆ. ಕುಡುಗೋಲು ಮಾತ್ರ ದೂರದಲ್ಲಿ, ಯಾರೋ ಬೀಸಿ ಎಸೆದಂತೆ ಜೋಳದ ಸಾಲುಗಳ ನಡುವೆ ಸಿಕ್ಕಿತು. ರಕ್ತದ ಮಣ್ಣನ್ನೂ ಪಕ್ಕದ ಬರೀ ಮಣ್ಣನ್ನೂ ಬೇರೆ ಬೇರೆ ಡಬ್ಬಿಗೆ ತುಂಬಿ ಮೊಹರು ಮಾಡಿದರು. ನಕ್ಷೆ ಬರೆದು, ಮಹಜರಿಗೆ ಸಾಕ್ಷಿಗಳ ಸಹಿ ಹಾಕಿಸಿದಳು.

ಜಗಳ ನಡೆದ ಜಾಗದ ವಿಷಯದಲ್ಲಿ ಶಿವಬಾಲನ್ ಮಾತೇ ನಿಂತಿತು. ಆದರೆ ಸುಮ್ಮನೆ ಯಾರೂ ದೊಣ್ಣೆ ಹಿಡಿದು ಬದು ದಾಟುವುದಿಲ್ಲ. ವಾಪಸು ಬರುವಾಗ ಅಮುದಾ ಚಪ್ಪರದ ಕೆಳಗೆ ಮತ್ತೆ ನಿಂತಳು. ಜೋಳದ ಕಡೆಯ ಬಳ್ಳಿಗಳ ಚಿಗುರೆಲೆಗಳು ಮಡಿಸಿದ ಬೀಸಣಿಗೆಯ ಹಾಗೆ ಮುದುಡಿದ್ದವು.

ಕಾನೂನಿನಂತೆ ಸಾಕ್ಷಿ ಹೇಳುವ ಹೆಂಗಸರನ್ನು ಠಾಣೆಗೆ ಕರೆಸುವಂತಿಲ್ಲವಾದ್ದರಿಂದ ಅವಳು ಕಂದಸಾಮಿಯ ಹೆಂಡತಿ ಗೋವಿಂದಮ್ಮಾಳನ್ನು ಅವಳ ಮನೆಯಲ್ಲೇ ವಿಚಾರಿಸಿದಳು. ಗಂಡನ ಕೂಗು ಕೇಳಿ ಆಮೇಲೆ ಓಡಿಹೋದೆ ಎಂದು ಗೋವಿಂದಮ್ಮಾಳ್ ತಮಿಳಿನಲ್ಲಿ ಒಪ್ಪಿಸಿದಳು, ಬಾಯಿಪಾಠದಂತೆ. ಅಮುದಾ ಜಗಳದ ಮಾತು ಬಿಟ್ಟು ಎಲೆಗಳ ಬಗ್ಗೆ ಕೇಳಿದಳು. ಆಗ ಮುದುಕಿ ಕನ್ನಡಕ್ಕೆ ಬಂದಳು.

ಶಿವಬಾಲನ್ ಜೋಳಕ್ಕೆ ಕಳೆಕೊಲ್ಲಿ ಹೊಡೆದಿದ್ದ. ಗಾಳಿ ನಿಂತ ಮೇಲೆ ಹೊಡಿ ಎಂದು ಕಂದಸಾಮಿ ಬೇಡಿಕೊಂಡಿದ್ದ. ಅವನು ಕೇಳಲಿಲ್ಲ. ಔಷಧಿ ಗಾಳಿಗೆ ಹಾರಿ ಬಂದು, ಕಳೆ ಸಾಯುವ ಮೊದಲೇ ದ್ರಾಕ್ಷಿ ಚಿಗುರು ಮುದುಡಿತು. ಇದನ್ನೇಕೆ ದೂರಿನಲ್ಲಿ ಬರೆಸಲಿಲ್ಲ ಎಂದು ಅಮುದಾ ಕೇಳಿದಳು. ಬರೆದರೆ ಜಗಳಕ್ಕೆ ಹೋದವರು ನಾವೇ ಅಂತ ಆಗುತ್ತಲ್ಲ ಎಂದಳು ಗೋವಿಂದಮ್ಮಾಳ್. ಹೇಳಿದ ಮೇಲೆ ತನ್ನ ಬಾಯಿಂದ ಏನು ಬಂತೆಂದು ಅವಳಿಗೆ ತಿಳಿಯಿತು.

ಅಮುದಾ ಈಗ ಕನ್ನಡದಲ್ಲೇ ಮಾತಾಡಿದಳು. "ಅತ್ತೆ, ಮಾಮನ ಬೆನ್ನ ಹಿಂದೆ ಯಾರಿದ್ರು?"

ಗೋವಿಂದಮ್ಮಾಳ್ ಎದ್ದು ಬೀದಿ ಬಾಗಿಲು ಮುಂದಕ್ಕೆಳೆದು ಬಂದಳು.

"ನಾನೇ," ಎಂದಳು. "ಆ ಹೈದ ಕೆಳಗೆ ಬಿದ್ದಿದ್ದ. ಅವನ ಕೈಲಿದ್ದ ಕುಡುಗೋಲು ನಾ ಕಿತ್ಕೊಂಡೆ, ಕುಯ್ದುಗಿಯ್ದಾನು ಅಂತ. ತಿರುಗಿ ನೋಡುದ್ರೆ ಇವ್ರು ಇನ್ನೊಂದು ಏಟಿಗೆ ದೊಣ್ಣೆ ಎತ್ತವ್ರೆ. ಹಿಂದಿಂದ ಓಡಿ ಹಿಡ್ಕೊಂಡೆ. ಕೈಲಿ ಕುಡುಗೋಲಿರೋದು ಗ್ಯಾಪಕನೇ ಇಲ್ಲ ನಂಗೆ."

ರಕ್ತ ಕಂಡು ಹೆದರಿ ಕುಡುಗೋಲನ್ನು ಜೋಳದೊಳಕ್ಕೆ ಎಸೆದಳಂತೆ. ಗಂಡ ತಿರುಗುವಷ್ಟರಲ್ಲಿ ಅವಳ ಕೈ ಬರಿದಾಗಿತ್ತು; ಶಿವಬಾಲನೇ ಕುಯ್ದ ಎಂದು ಅವನು ಕೂಗಿದ. ಅವಳು ಸುಮ್ಮನಾದಳು.

ಅಮುದಾ ಹೇಳಿಕೆಯನ್ನು ತಮಿಳಿನಲ್ಲಿ ಬರೆದು ಅವಳಿಗೆ ಓದಿ ಹೇಳಿದಳು. ಸಹಿ ಎಲ್ಲಿ ಹಾಕಲಿ ಎಂದು ಗೋವಿಂದಮ್ಮಾಳ್ ಕೇಳಿದಳು. ಪೊಲೀಸರಿಗೆ ಕೊಟ್ಟ ಹೇಳಿಕೆಗೆ ಸಹಿ ಇಲ್ಲ, ಕೋರ್ಟಿನಲ್ಲಿ ಮತ್ತೆ ನಿನ್ನ ಬಾಯಿಂದಲೇ ಹೇಳಬೇಕು ಎಂದಾಗ ಅವಳ ಮುಖ ಬಾಡಿತು. ಬೇಕೆಂದು ಮಾಡಿದ್ದಲ್ಲ, ತಡೆಯಲು ಹೋಗಿ ಆದದ್ದು ಎಂದೇ ಬರೆದಿದ್ದೇನೆ, ಅದಕ್ಕಿಂತ ಹೆಚ್ಚಿನ ಮಾತು ಕೊಡಲಾರೆ ಎಂದಳು ಅಮುದಾ.

ಶಿವಬಾಲನನ್ನು ಎರಡನೇ ಸಲ ವಿಚಾರಿಸಿದಾಗ, ಕಣ್ಣಿಗೆ ರಕ್ತ ಇಳಿದು ತನಗೇನೂ ಕಾಣಲಿಲ್ಲ, ಕಂದಸಾಮಿ ತಾನೇ ಕುಯ್ದುಕೊಂಡ ಎಂದದ್ದು ಊಹೆ ಎಂದು ಒಪ್ಪಿದ. ಗಾಳಿಯಲ್ಲಿ ಔಷಧಿ ಹೊಡೆದದ್ದನ್ನು ಒಪ್ಪಲು ಅವನಿಗೆ ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು.

ಶಿವಬಾಲನ್ ದೂರಿನ ಮೇಲೆ ಕಂದಸಾಮಿಯ ವಿರುದ್ಧ ಆರೋಪಪಟ್ಟಿ ಹೋಯಿತು. ಕಂದಸಾಮಿಯ ದೂರು, ಕುಯ್ದವರು ಯಾರೆಂಬ ತಪ್ಪು ತಿಳುವಳಿಕೆಯಿಂದ ಕೊಟ್ಟದ್ದೆಂದು ಮುಕ್ತಾಯವಾಯಿತು. ಜೆಯರಾಜ್ ಎರಡು ಕಡತಗಳನ್ನೂ ಓದಿ ಏನೂ ತಿದ್ದದೆ ಕಳಿಸಿದರು.

ದೂರು ಮುಕ್ತಾಯವಾದ ನೋಟಿಸು ಕೈಗೆ ಸಿಕ್ಕ ಬೆಳಿಗ್ಗೆಯೇ ಕಂದಸಾಮಿ ಹೆಂಡತಿಯನ್ನು ಕರೆದುಕೊಂಡು ಠಾಣೆಗೆ ಬಂದ. ನಿಲ್ಲಲಾರದೆ ಮೇಜಿನ ಮುಂದೆ ಅತ್ತಿಂದಿತ್ತ ನಡೆದ. ಎಷ್ಟು ದುಡ್ಡು ತಿಂದೆ ಎಂದು ಅಮುದಾಳನ್ನೇ ಕೇಳಿದ. ಒಪ್ಪಿಗೆಯಿಲ್ಲದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಆಕ್ಷೇಪಣೆ ಹಾಕಬಹುದು, ಬೆಳೆ ಹಾಳಾದದ್ದಕ್ಕೆ ತೋಟಗಾರಿಕೆ ಅಧಿಕಾರಿಯಿಂದ ವರದಿ ಬರೆಸಿ ಬೇರೆ ದಾವೆ ಹೂಡಬಹುದು ಎಂದು ಅವಳು ಹೇಳಿದಳು. ಅವನಿಗೆ ಯಾವುದೂ ಕಿವಿಗೆ ಬೀಳಲಿಲ್ಲ.

"ನನ್ನ ಕುಯ್ದೋನ ಬಿಟ್ಬುಟ್ಟು ನನ್ಮೇಲೇ ಕೇಸಾ?"

"ಕುಯ್ದದ್ದು ನಾನು," ಎಂದಳು ಗೋವಿಂದಮ್ಮಾಳ್.

ಕಂದಸಾಮಿಯ ನಡಿಗೆ ನಿಂತಿತು. ಅವಳು ಬೆಂಚಿನಿಂದ ಏಳದೆ, ತಲೆ ತಗ್ಗಿಸಿಕೊಂಡೇ ಎಲ್ಲವನ್ನೂ ಹೇಳಿದಳು. ಇನ್ನೊಂದು ಏಟು ಬಿದ್ದಿದ್ದರೆ ಆ ಹುಡುಗ ಉಳಿಯುತ್ತಿರಲಿಲ್ಲ, ನೀವು ಮಧುರೈ ಜೈಲಿನಲ್ಲಿರುತ್ತಿದ್ದಿರಿ ಎಂದಳು. ಅವನು ನಿಧಾನವಾಗಿ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ.

"ಯಾಕೆ ಹೇಳ್ಲಿಲ್ಲ ನೀನು?"

"ಕೂಗ್ತಾ ಇದ್ರಿ ನೀವು. ಇವತ್ತಿನ ತಂಕ ಕೂಗ್ತಾನೇ ಇದ್ರಿ."

ಅಮುದಾ ನೋಟಿಸು ತಲುಪಿತೆಂಬ ಸ್ವೀಕೃತಿ ಪತ್ರವನ್ನು ಮುಂದೆ ತಳ್ಳಿದಳು. ಭುಜ ಇನ್ನೂ ನೋಯುತ್ತಿದ್ದರಿಂದ ಕಂದಸಾಮಿಗೆ ಕೈ ಚಾಚಲಾಗಲಿಲ್ಲ. ಗೋವಿಂದಮ್ಮಾಳ್ ಹತ್ತಿರ ಸರಿದು ಅವನ ಮೊಳಕೈಗೆ ತನ್ನ ಕೈ ಆಸರೆ ಕೊಟ್ಟಳು. ಅವನು ಕೊಡವಿಕೊಳ್ಳಲಿಲ್ಲ. ಸಹಿ ಹಾಕಿ, ಕೋರ್ಟಿಗೆ ಯಾವತ್ತು ಬರಬೇಕು ಎಂದು ಕೇಳಿದ.